ನಾನು ತೆಗೆಸಿದ ಸಾಲು

ತೊಳೆದ ಗಾಜನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸದ ಕೊನೆಯ ಹಂತ. ಒಳಗೋಡೆಯ ಮೇಲೆ ನೀರು ಒಂದೇ ತೆಳ್ಳನೆ ಪದರಾಗಿ ಜಾರಿದರೆ ಗಾಜು ಶುದ್ಧ. ಅಲ್ಲಲ್ಲಿ ಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ ಎಂದು ಅರ್ಥ; ಮತ್ತೆ ತೊಳೆಯಬೇಕು. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ನನಗೆ ಗೊತ್ತಿರುವ ರಸಾಯನಶಾಸ್ತ್ರ ಇಷ್ಟೇ. ಇಷ್ಟನ್ನೇ ನನ್ನ ತಂಗಿ ಒಂದು ಪತ್ರದಲ್ಲಿ ಬರೆದಿದ್ದಳು. ನಾನು ಅದನ್ನು ತೆಗೆಸಿಹಾಕಿದೆ.

ರಾಯಾಪುರದ ಕಡೆಗಿರುವ ಗುಳಿಗೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಪ್ರಯೋಗಾಲಯವಿದೆ. ಅಲ್ಲಿ ಪಿಪೆಟ್, ಫ್ಲಾಸ್ಕುಗಳನ್ನೂ ದ್ರಾವಣವನ್ನು ಅಳೆದು ಹನಿಹನಿಯಾಗಿ ಇಳಿಸುವ ಉದ್ದನೆಯ ಗಾಜಿನ ಕೊಳವೆಗಳಾದ ಬ್ಯುರೆಟ್ಟುಗಳನ್ನೂ ತೊಳೆಯುವವಳು ನಾನು. ಸಾಬೂನು ನೀರು, ನಲ್ಲಿಯ ನೀರು, ಆಮೇಲೆ ಶುದ್ಧೀಕರಿಸಿದ ನೀರು. ಅಳತೆಯ ಗೆರೆಯಿರುವ ಗಾಜನ್ನು ಬಿಸಿ ಒಲೆಯಲ್ಲಿ ಒಣಗಿಸಬಾರದು, ಅಳತೆ ಕೆಡುತ್ತದೆ; ಅದನ್ನು ತಲೆಕೆಳಗಾಗಿ ನಿಲ್ಲಿಸಿ ಗಾಳಿಗೆ ಬಿಡಬೇಕು. ಪ್ರತಿ ಸಲ ತೊಳೆದ ಮೇಲೆ ದಾಖಲೆ ಪುಸ್ತಕದಲ್ಲಿ ವೇಳೆ ಬರೆದು ಸಹಿ ಮಾಡಬೇಕು. ನನ್ನ ತೊಟ್ಟಿಗೂ ಪರೀಕ್ಷೆ ಮಾಡುವವರ ಮೇಜಿಗೂ ನಡುವೆ ಒಂದು ಗಾಜಿನ ಗೋಡೆ ಇದೆ. ಅವರು ನನಗೆ ಕಾಣುತ್ತಾರೆ. ಬಾಗಿಲು ತೆರೆದಿದ್ದರೆ ಅವರ ಮಾತೂ ಕೇಳುತ್ತದೆ. ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಸರ್ ಎನ್ನುತ್ತೇವೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದಳು. ಎರಡನೆಯ ವರ್ಷದಲ್ಲಿ ಒಂದು ಸಂಜೆ ಅವಳು ಮುಖ ಊದಿಸಿಕೊಂಡು ಮನೆಗೆ ಬಂದದ್ದು ನೆನಪಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಮೂರು ಸಲ ಟೈಟ್ರೇಶನ್ ಮಾಡಿದ್ನಿ, ಮೂರೂ ರೀಡಿಂಗ್ ಬ್ಯಾರೇ ಬ್ಯಾರೇ. ಮೇಡಮ್ಮಾರು ನನ್ನ ಕೈ ಸುಮಾರ ಅಂದ್ರು," ಎಂದಳು.

"ಬ್ಯುರೆಟ್ಟಿನ ಗ್ವಾಡಿಗೆ ಹನಿ ನಿಂತಿದ್ವೇನು?" ಎಂದು ಕೇಳಿದೆ.

"ನಿಂತಿದ್ದ್ವು. ಅದಕ್ಕೇನಾತು?"

"ನಿಂತ ಹನಿ ಕೆಳಗ ಇಳೀಲಿಲ್ಲ. ನೀ ಅದನ್ನ ಇಳೀತು ಅಂತ ಲೆಕ್ಕಾ ಹಿಡದಿ."

ಅವಳು ರೊಟ್ಟಿ ತುಂಡು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು. ನಾನು ಒಂದು ಗಾಜಿನ ಲೋಟ ತೆಗೆದುಕೊಂಡು, ಎಣ್ಣೆಗೈ ತಾಗಿಸಿ, ನೀರು ಹಾಕಿ ತೋರಿಸಿದೆ. ಆಮೇಲೆ ತಿಕ್ಕಿ ತೊಳೆದು ಮತ್ತೆ ತೋರಿಸಿದೆ. ಬಲ್ಬಿನ ಕೆಳಗೆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮರುದಿನ ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೂಗಿದಳು: "ಅಕ್ಕಾ, ಕೂಡಿದ್ವು! ಮೂರೂ ಕೂಡಿದ್ವು!"

ಪದವಿ ಮುಗಿದ ಬೇಸಿಗೆಯಲ್ಲಿ ನಮ್ಮ ಕಾರ್ಖಾನೆಯ ಫಲಕದ ಮೇಲೆ ಒಂದು ಚೀಟಿ ಬಂತು. ಗುಣಮಟ್ಟ ವಿಭಾಗದಲ್ಲಿ ಆರು ತಿಂಗಳ ಇಂಟರ್ನ್‌ಶಿಪ್, ರಸಾಯನಶಾಸ್ತ್ರದ ಪದವೀಧರರಿಗೆ. ಬಯೋಡೇಟಾದ ಜೊತೆ ಒಂದು ಪತ್ರ ಬರೆದು ಶನಿವಾರ ಸಂಜೆಯೊಳಗೆ ಗೇಟಿನಲ್ಲಿ ಕೊಡಬೇಕು. ನಾನು ಅದರ ಫೋಟೋ ತೆಗೆದು ತಂಗಿಗೆ ಕಳಿಸಿದೆ.

ನಾಲ್ಕು ದಿನ ಅವಳು ಆ ಪತ್ರ ಬರೆದಳು. ಇಂಗ್ಲಿಷಿನಲ್ಲಿ ಬರೆದು, ಅದನ್ನು ನನಗೆ ನಮ್ಮ ಮಾತಿನಲ್ಲಿ ಹೇಳಿ, "ನಿಮ್ಮ ಸರ್‌ಗೆ ಇದು ಸೇರತೈತೇನು?" ಎಂದು ಕೇಳುತ್ತಿದ್ದಳು. ಅಂಕಗಳ ಬಗ್ಗೆ ಒಂದೇ ಸಾಲು. ಉಳಿದದ್ದೆಲ್ಲ ಕೈಯಾರೆ ಮಾಡಿದ ಕೆಲಸ. ಆಕ್ಸಾಲಿಕ್ ಆಮ್ಲವನ್ನು ತೂಗಿ ದ್ರಾವಣ ಮಾಡಿ ಅದರಿಂದ ಕ್ಷಾರದ ಬಲ ಕಂಡುಹಿಡಿಯುವುದು. ಎರಡು ರೀಡಿಂಗುಗಳ ನಡುವಿನ ವ್ಯತ್ಯಾಸ ಬ್ಯುರೆಟ್ಟಿನ ಒಂದು ಸಣ್ಣ ಗೆರೆಗಿಂತ ಹೆಚ್ಚಾದರೆ ಮತ್ತೆ ಮಾಡುವುದು. ಪಿಎಚ್ ಮೀಟರನ್ನು ಬಳಸುವ ಮೊದಲು ಬಫರ್ ದ್ರಾವಣಗಳಲ್ಲಿ ಇಟ್ಟು ಸರಿಹೊಂದಿಸುವುದು. ಪುಡಿಯ ಕರಗುವ ಬಿಂದು ನೋಡುವುದು. ನೋಡಿದ್ದನ್ನು ಆಗಲೇ ಪೆನ್ನಿನಲ್ಲಿ ಬರೆಯುವುದು. ಹೊಗಳಿಕೆಯ ಮಾತು ಎಲ್ಲೂ ಇರಲಿಲ್ಲ.

"ಕಡೀಕಿನ ಪ್ಯಾರಾ ಈಗ ಓದಂಗಿಲ್ಲ. ಕೊಟ್ಟ ಮ್ಯಾಲೆ ಹೇಳ್ತೇನಿ," ಎಂದಳು.

"ಅದೇನ್ ಗುಟ್ಟ?"

"ಗುಟ್ಟ ಅಂದ್ರ ಗುಟ್ಟ. ಸುಮ್ಮಕಿರು."

ಶನಿವಾರ ಅವಳು ಪದವಿಯ ಪ್ರಮಾಣಪತ್ರ ತರಲು ಧಾರವಾಡಕ್ಕೆ ಹೋಗಿದ್ದಳು. ಅಲ್ಲಿ ಸರದಿ ಉದ್ದ ಇತ್ತು. ಮಧ್ಯಾಹ್ನ ಫೋನ್ ಮಾಡಿ, "ಅಕ್ಕಾ, ನಾ ಬರೂದು ಆಗಂಗಿಲ್ಲ. ಫೈಲ್ ನಿನ್ನ ಫೋನಿಗೆ ಕಳಿಸೇನಿ, ಸಹಿನೂ ಫೋಟೋ ತಗದು ಅದರಾಗ ಕೂಡ್ಸೇನಿ. ನೀ ಬರೇ ಪ್ರಿಂಟ್ ತಗಿಸಿ ಗೇಟಿನ್ಯಾಗ ಕೊಟ್ಟಬಿಡು," ಎಂದಳು.

ಬರೀ ಪ್ರಿಂಟ್ ತೆಗೆಸುವುದು. ಅಷ್ಟೇ ಅವಳು ಕೇಳಿದ್ದು.

ನವನಗರದಲ್ಲಿ ಝೆರಾಕ್ಸ್ ಅಂಗಡಿಯವನಿಗೆ ಫೈಲ್ ಕಳಿಸಿದೆ. ಅಂಗಡಿಯಲ್ಲಿ ಇನ್ನೂ ನಾಲ್ಕು ಮಂದಿ ನಿಂತಿದ್ದರು. ಅಂಗಡಿಯವನು ಒಳ್ಳೆಯವನೇ, ಬಾಯಿ ಸ್ವಲ್ಪ ಜೋರು. ಪರದೆ ನೋಡುತ್ತ, ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಓದತೊಡಗಿದ.

"ಏನ್ರಿ ಅಕ್ಕಾರ, ಕಡೀಕ ಇದೇನ್ ಬರ್ದಾರ? 'ಬ್ಯುರೆಟ್ಟನ್ನು ನೀರಿನಿಂದ ತೊಳೆದು, ಆಮೇಲೆ ಅದರಲ್ಲಿ ತುಂಬುವ ದ್ರಾವಣದಿಂದಲೇ ಎರಡು ಸಲ ಜಾಲಿಸುತ್ತೇನೆ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ಜಾಲಿಸುತ್ತೇನೆ. ಗಾಜು ಶುದ್ಧವಾಗಿದೆಯೇ ಎಂದು ನೋಡುವುದನ್ನು ನನಗೆ ಕಲಿಸಿದವಳು ನಿಮ್ಮದೇ ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ನನ್ನ ಅಕ್ಕ.' ಅಲ್ರಿ, ನಿಮ್ಮ ತಂಗಿ ಭಾಂಡಿ ತಿಕ್ಕೂ ಕೆಲಸಕ್ಕ ಅರ್ಜಿ ಹಾಕ್ಯಾರೇನು?"

ನಿಂತವರು ನಕ್ಕರು. ಕೆಟ್ಟ ನಗುವೇನಲ್ಲ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆನೇನೋ. ಅವತ್ತು ನನ್ನ ಕಿವಿ ಸುಟ್ಟಂತಾಯಿತು. ಹದಿನೈದು ವರ್ಷ ಒದ್ದೆ ಕೈಯಲ್ಲಿ ನಿಂತು ಅವಳನ್ನು ಓದಿಸಿದ್ದು ಗಾಜಿನ ಗೋಡೆಯ ಆ ಕಡೆ ಕೂರಲಿ ಎಂದು. ಅವಳು ಮೊದಲ ಪತ್ರದಲ್ಲೇ ನನ್ನನ್ನೂ ನನ್ನ ತೊಟ್ಟಿಯನ್ನೂ ಎಳೆದುಕೊಂಡು ಹೋಗಿದ್ದಳು. ತೊಳೆಯುವವಳ ತಂಗಿ ಎಂದು ಸರ್ ಒಮ್ಮೆ ಅಂದುಕೊಂಡರೆ ಮುಗಿಯಿತು ಎನ್ನಿಸಿತು.

"ಅದನ್ನ ತಗೀರಿ," ಎಂದೆ.

"ಪೂರಾ ಪ್ಯಾರಾ?"

"ಪೂರಾ."

"ಹಂಗಾದ್ರ ಮ್ಯಾಲಿನ ಈ ಸಾಲೂ ಕೆಟ್ಟ ಕಾಣತೈತಿ ನೋಡ್ರಿ. ಎಚ್‌ಪಿಎಲ್‌ಸಿ ನೋಡೇನಿ, ಆದ್ರ ಸ್ವತಃ ನಡಿಸಿಲ್ಲ, ಕಲಿಯೂ ಆಸೆ ಐತಿ ಅಂತ ಬರ್ದಾರ. ಬರಂಗಿಲ್ಲ ಅಂತ ಯಾರರ ಬರೀತಾರೇನ್ರಿ?"

ಎಚ್‌ಪಿಎಲ್‌ಸಿ ಎಂದರೆ ಔಷಧದಲ್ಲಿ ಯಾವ ವಸ್ತು ಎಷ್ಟಿದೆ ಎಂದು ಪರದೆಯ ಮೇಲೆ ಗುಡ್ಡಗಳಂಥ ಗೆರೆ ಎಳೆದು ತೋರಿಸುವ ಯಂತ್ರ. ನಮ್ಮಲ್ಲಿ ಅದು ತಣ್ಣನೆಯ ಕೋಣೆಯಲ್ಲಿದೆ. ಹೊಸದಾಗಿ ಬಂದವರೆಲ್ಲ ಊಟದ ಹೊತ್ತಿನಲ್ಲಿ ಅದರ ಮಾತೇ ಆಡುವುದನ್ನು ಕೇಳಿದ್ದೆ. ಆ ಹೆಸರು ಗೊತ್ತಿದ್ದರೆ ಬಾಗಿಲು ತೆರೆಯುತ್ತದೆ ಎಂದು ನಾನು ತಿಳಿದಿದ್ದೆ.

"ನಿಮ್ಮ ಹತ್ರ ಬ್ಯಾರೇಯವ್ರ ಪತ್ರ ಇರತಾವಲ್ಲ, ಅದರಾಗ ಹೆಂಗ ಬರ್ದಾರ?"

ಅವನು ಹುಡುಕಿ, ಯಾರದೋ ಹಳೆಯ ಅರ್ಜಿಯಿಂದ ಒಂದು ಸಾಲು ಎತ್ತಿ ತಂಗಿಯ ಸಾಲಿನ ಜಾಗದಲ್ಲಿ ಅಂಟಿಸಿದ. ಎಚ್‌ಪಿಎಲ್‌ಸಿಯನ್ನು ಸ್ವತಃ ನಡೆಸಿದ ಅನುಭವವಿದೆ ಎಂದು ಅದರಲ್ಲಿತ್ತು. "ಈಗ ನೋಡ್ರಿ, ಹೆಂಗ ಖಡಕ್ ಆತು," ಎಂದ. ಎರಡು ಪ್ರತಿ ಬಂದವು. ಎರಡರ ಕೆಳಗೂ ಅವಳ ಸಹಿ ಇತ್ತು. ಮೇಲಿನ ಮಾತು ಬದಲಾಗಿದ್ದು ಆ ಸಹಿಗೆ ಗೊತ್ತಿರಲಿಲ್ಲ. ಒಂದನ್ನು ಬಯೋಡೇಟಾದ ಜೊತೆ ಗೇಟಿನಲ್ಲಿ ಕೊಟ್ಟೆ. ಇನ್ನೊಂದನ್ನು ಮಡಿಸಿ ನನ್ನ ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ.

ಸಂಜೆ ತಂಗಿ, "ಕಡೀಕಿನ ಪ್ಯಾರಾ ಓದಿದೇನು?" ಎಂದು ಕೇಳಿದಳು. ನನಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂದೆ. "ನಿಮ್ಮ ಸರ್ ಹೇಳ್ತಾರ ತಡಿ," ಎಂದು ನಕ್ಕಳು.

ಸಂದರ್ಶನಕ್ಕೆ ಕರೆ ಬಂತು. ಅವತ್ತು ಅವಳು ಅವ್ವನ ತಿಳಿನೀಲಿ ಸೀರೆ ಉಟ್ಟಿದ್ದಳು. ಸರ್ ಅವಳನ್ನು ಪ್ರಯೋಗಾಲಯದೊಳಗೇ ಕರೆದು ಮೇಜಿನ ಪಕ್ಕ ಕೂರಿಸಿದರು. ನಾನು ಬ್ಯುರೆಟ್ ತೊಳೆಯುತ್ತಿದ್ದೆ. ಬಾಗಿಲು ತೆರೆದಿತ್ತು. ಕೂತವಳು ಗಾಜಿನ ಗೋಡೆಯಾಚೆ ನನ್ನನ್ನು ನೋಡಿ ನಕ್ಕಳು. ಸರ್‌ಗೆ ನಾವು ಯಾರೆಂದು ಪತ್ರದಿಂದ ಗೊತ್ತಾಗಿದೆ ಎಂದು ಅವಳು ತಿಳಿದಿದ್ದಳು. ಸರ್ ನನ್ನ ಕಡೆ ತಿರುಗಲೇ ಇಲ್ಲ.

ಟೈಟ್ರೇಶನ್ ಬಗ್ಗೆ ಕೇಳಿದರು. ಅವಳು ಹೇಳಿದಳು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷವಾದರೂ ಉಳಿದರೆ ಮಾತ್ರ ಮುಗಿಯಿತು ಎಂದು ತಿಳಿಯಬೇಕು, ಕಡು ಗುಲಾಬಿಯಾದರೆ ಹನಿ ಹೆಚ್ಚಾಯಿತು, ಅದನ್ನು ಹಿಂದಕ್ಕೆ ತರಲು ಬರುವುದಿಲ್ಲ, ಚೆಲ್ಲಿ ಮತ್ತೆ ಮಾಡಬೇಕು ಎಂದಳು. ಸರ್ ತಲೆಯಾಡಿಸಿದರು. ಆಮೇಲೆ ಪತ್ರದ ಮೇಲೆ ಬೆರಳಿಟ್ಟರು.

"ಎಚ್‌ಪಿಎಲ್‌ಸಿ ನಡಿಸೇನಿ ಅಂತ ಬರ್ದೀರಿ. ಯಾವ ಕಾಲಮ್ ಇತ್ತು? ಮೊಬೈಲ್ ಫೇಸ್ ಹೆಂಗ ತಯಾರ ಮಾಡಿದ್ರಿ?"

ಯಂತ್ರದ ಕೊಳವೆಯನ್ನೂ ಅದರೊಳಗೆ ಹರಿಸುವ ದ್ರಾವಣವನ್ನೂ ಕೇಳುತ್ತಿದ್ದರು. ತಂಗಿ ಅವರ ಮುಖ ನೋಡಿದಳು. "ಸರ್, ನಾ ಹಂಗ ಬರ್ದಿಲ್ರಿ."

"ಇಲ್ಲೇ ಐತಿ ನೋಡವಾ."

ಅವಳು ಪತ್ರ ತೆಗೆದುಕೊಂಡು ಓದಿದಳು. ಮೇಲಿನಿಂದ ಕೊನೆಯವರೆಗೆ ಓದಿದಳು. ಕೊನೆಯ ಪ್ಯಾರಾ ಇರಬೇಕಾದ ಜಾಗದಲ್ಲಿ ಅವಳ ಕಣ್ಣು ನಿಂತಿತು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗಾಜಿನ ಗೋಡೆಯ ಈ ಕಡೆ ನನ್ನನ್ನು ನೋಡಿದಳು. ನಗು ಇರಲಿಲ್ಲ. ಸಿಟ್ಟೂ ಇರಲಿಲ್ಲ. ಲೋಟವನ್ನು ಬಲ್ಬಿಗೆ ಹಿಡಿದು ನೋಡಿದ್ದಳಲ್ಲ, ಹಾಗೆ ನೋಡಿದಳು.

"ಸಹಿ ಯಾರ್ದು?" ಸರ್ ಕೇಳಿದರು.

"ನಂದ್ರಿ."

"ನಡಿಸೀರೋ ಇಲ್ಲೋ?"

"ಇಲ್ರಿ ಸರ್. ಆ ಮಷೀನ ನಾ ಮುಟ್ಟಿಲ್ಲ."

"ಮತ್ತ ಬರ್ದದ್ದು?"

ಅವಳು ಪತ್ರವನ್ನು ಮೇಜಿನ ಮೇಲೆ ಇಟ್ಟಳು. ನನ್ನ ಹೆಸರು ಹೇಳಲು ಅವಳಿಗೆ ಒಂದು ಕ್ಷಣ ಸಾಕಿತ್ತು. ನಾನು ಬಾಗಿಲು ದಾಟಿ ಹೋಗಲು ಆರು ಹೆಜ್ಜೆ ಸಾಕಿತ್ತು. ಬ್ಯುರೆಟ್ ನನ್ನ ಕೈಯಲ್ಲಿತ್ತು, ನಲ್ಲಿ ಸುರಿಯುತ್ತಿತ್ತು. ಈಗ ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂದುಕೊಂಡೆನೋ, ಸರ್ ಅವಳನ್ನು ಹೇಗಾದರೂ ಬಿಟ್ಟುಬಿಡುತ್ತಾರೆ ಎಂದುಕೊಂಡೆನೋ, ನೆನಪಿಲ್ಲ. ತೊಳೆದ ಬ್ಯುರೆಟ್ಟನ್ನೇ ಮತ್ತೆ ತೊಳೆಯುತ್ತ ನಿಂತೆ.

"ನೋಡವಾ," ಸರ್ ದನಿ ಏರಿಸಲಿಲ್ಲ. "ಬರದಿದ್ರ ಕಲಿಸಬಹುದು. ಮಾಡದ ಕೆಲಸಕ್ಕ ಸಹಿ ಹಾಕೂದನ್ನ ಬಿಡಸಾಕ ನನ್ನಿಂದ ಆಗಂಗಿಲ್ಲ. ಇಲ್ಲಿ ಬರ್ದದ್ದನ್ನ ನಂಬಿ ಯಾರೋ ಗುಳಿಗಿ ನುಂಗ್ತಾರ. ಹೋಗಿ ಬರ್ರಿ."

ಅವಳು ಎದ್ದು ಕೈಮುಗಿದಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಮನೆಯಲ್ಲಿ ಬೈಗುಳ ಕಾದಿದೆ ಎಂದುಕೊಂಡು ಹೋದೆ. ಅವಳು ಅವ್ವನಿಗೆ, "ಆಗಲಿಲ್ಲವ್ವಾ, ಮಷೀನ್ ನಡಸಾಕ ಬರೂವ್ರ ಬೇಕಂತ," ಎಂದಷ್ಟೇ ಹೇಳಿ ನನಗೂ ತಾಟು ಹಾಕಿದಳು. ಆ ದಿನವೂ ಅಲ್ಲ, ಮುಂದೆಯೂ ಅವಳಾಗಿ ಆ ಪತ್ರದ ಮಾತು ಎತ್ತಲಿಲ್ಲ. ವಿದ್ಯಾನಗರದ ಔಷಧಿ ಅಂಗಡಿಯೊಂದರಲ್ಲಿ ಬಿಲ್ ಮಾಡುವ ಕೆಲಸಕ್ಕೆ ಸೇರಿದಳು. ಬೇರೆ ಕಾರ್ಖಾನೆಗೆ ಅರ್ಜಿ ಹಾಕಲಿಲ್ಲ. "ನನ್ನ ಸಹಿ ಕೆಟ್ಟೈತವ್ವಾ," ಎಂದು ಒಮ್ಮೆ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವ್ವನಿಗೆ ಅದು ತಿಳಿಯಲಿಲ್ಲ. ಅಕ್ಷರ ಕೆಟ್ಟಿದೆ ಎಂದುಕೊಂಡು, "ಛಲೋ ಬರೀತಿಯಲ್ಲ," ಎಂದಳು.

ಆ ಮಳೆಗಾಲವೆಲ್ಲ ಪತ್ರ ನನ್ನ ಜೊತೆಗಿತ್ತು. ಬದಲಿಸಿದ್ದು ಚೀಲದಲ್ಲಿ, ಖರೇ ಪತ್ರ ಫೋನಿನಲ್ಲಿ. ಬಸ್ಸಿನಲ್ಲಿ ಕೂತರೆ ಒಳಜೇಬಿನ ಕಾಗದ ಬೆರಳಿಗೆ ತಾಗುತ್ತಿತ್ತು. ಅದನ್ನು ಹರಿದು ಹಾಕಲು ಎರಡು ಸಲ ಹೊರಟೆ, ಆಗಲಿಲ್ಲ. ಅದರ ಮೇಲೆ ಅವಳ ಸಹಿ ಇದೆ ಎನ್ನಿಸುತ್ತಿತ್ತು. ಪ್ರಯೋಗಾಲಯದಲ್ಲಿ ಗಾಜನ್ನು ಬೆಳಕಿಗೆ ಎತ್ತಿದರೆ ಅದರಾಚೆ ತಿಳಿನೀಲಿ ಸೀರೆ ಕಾಣುತ್ತಿತ್ತು. ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತಿದ್ದರೂ ಅಷ್ಟೇ. ಮನೆಯಲ್ಲಿ ಅವಳು ಲೋಟ ತೊಳೆಯುವಾಗ ನಾನು ಗಮನಿಸುತ್ತಿದ್ದೆ. ಮೊದಲೆಲ್ಲ ಸುಮ್ಮನೆಯಾದರೂ ಒಮ್ಮೆ ಎತ್ತಿ ನೋಡಿ ಇಡುತ್ತಿದ್ದಳು. ಈಗ ನೋಡದೆ ಬೋರಲು ಹಾಕುತ್ತಿದ್ದಳು.

ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ಸರ್ ಎಲ್ಲರನ್ನೂ ಸೇರಿಸಿದರು, ನನ್ನನ್ನೂ. ಹೊಸಬನೊಬ್ಬ ದಾಖಲೆ ಪುಸ್ತಕದಲ್ಲಿ ತಪ್ಪು ಅಂಕಿಯ ಮೇಲೆ ಬಿಳಿ ಬಣ್ಣ ಬಳಿದಿದ್ದ.

"ತಪ್ಪು ಎಲ್ಲಾರ್ದೂ ಆಕ್ಕೈತಿ. ಅದನ್ನ ಮುಚ್ಚಬ್ಯಾಡ್ರಿ," ಎಂದರು. "ಒಂದ ಗೆರಿ ಹೊಡೀರಿ. ಕೆಳಗಿಂದು ಓದಾಕ ಬರಬೇಕು. ಬಾಜೂಕ ಖರೇದ್ದು ಬರೀರಿ, ಯಾಕ ತಪ್ಪಾತು ಬರೀರಿ, ನಿಮ್ಮ ಸಹಿ, ಇವತ್ತಿನ ತಾರೀಖು. ನಿನ್ನೀದಲ್ಲ, ಇವತ್ತಿಂದು. ತಡಾ ಆಗಿದ್ರ ತಡಾ ಆಗೇತಿ ಅಂತನೂ ಕಾಣಲಿ."

ಈ ನಿಯಮವನ್ನು ನಾನು ಹದಿನೈದು ವರ್ಷದಿಂದ ಕೇಳುತ್ತ ಬಂದಿದ್ದೆ. ನನ್ನ ತೊಳೆಯುವ ಪುಸ್ತಕದಲ್ಲಿ ಎಷ್ಟೋ ಸಲ ಹಾಗೆ ಗೆರೆ ಹೊಡೆದಿದ್ದೇನೆ. ಅದು ನನಗೂ ಒಂದು ದಾರಿ ಎಂದು ಮಾತ್ರ ಹೊಳೆದಿರಲಿಲ್ಲ.

ಅಂದು ಊಟದ ಹೊತ್ತಿನಲ್ಲಿ ಹೊರಗೆ ಹೋಗಿ, ಬೇರೆ ಅಂಗಡಿಯಲ್ಲಿ ಫೋನಿನಲ್ಲಿದ್ದ ಖರೇ ಪತ್ರದ ಪ್ರಿಂಟ್ ತೆಗೆಸಿದೆ. ಆಮೇಲೆ ಚೀಲದಿಂದ ಇನ್ನೊಂದನ್ನು ತೆಗೆದು ತೊಟ್ಟಿಯ ಪಕ್ಕದ ಮೇಜಿನ ಮೇಲೆ ಹರವಿದೆ. ಎಚ್‌ಪಿಎಲ್‌ಸಿ ಎನ್ನುವ ಅಕ್ಷರಗಳನ್ನು ಡಬ್ಬಿಗಳ ಮೇಲೆ ನೋಡಿ ನೋಡಿ ಗುರುತಿತ್ತು. ಆ ಸಾಲಿನ ಮೇಲೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದೆ. ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ: "ಇದು ನನ್ನ ತಂಗಿ ಬರೆದದ್ದಲ್ಲ. ಅವಳಿಗೆ ತಿಳಿಸದೆ ನಾನು ಹಾಕಿಸಿದ್ದು. ಕಡೆಯ ಪ್ಯಾರಾ ನಾನು ತೆಗೆಸಿದ್ದು. ಕಾರಣ, ನನ್ನ ಕೆಲಸದ ನಾಚಿಕೆ." ಸಹಿ ಮಾಡಿದೆ. ಅವತ್ತಿನ ತಾರೀಖು ಹಾಕಿದೆ.

ಸರ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರು. ನಾನು ಸೆರಗಿಗೆ ಕೈ ಒರೆಸುತ್ತ ನಿಂತಿದ್ದೆ.

"ಆ ಹುಡುಗಿ ನಿಮ್ಮ ತಂಗಿ ಏನು?"

"ಹೌದ್ರಿ."

"ಅವತ್ತ ನೀವು ಅಲ್ಲೇ ನಿಂತಿದ್ರಿ."

"ಹೌದ್ರಿ ಸರ್."

"ಎಲ್ಲಾ ಕೇಳಸ್ತು."

"ಕೇಳಸ್ತರಿ."

ಅವರು ಖರೇ ಪತ್ರದ ಕೊನೆಯ ಪ್ಯಾರಾವನ್ನು ಮತ್ತೆ ಓದಿದರು. "ಕೋನಿಕಲ್ ಫ್ಲಾಸ್ಕ ಬರೇ ನೀರಿನಿಂದ ಯಾಕ ಜಾಲಸಬೇಕು, ನಿಮಗ ಗೊತ್ತೈತೇನು?"

"ದ್ರಾವಣದಿಂದ ಜಾಲಸಿದ್ರ ಒಳಗ ಒಂದೀಟು ಉಳೀತೈತ್ರಿ. ಅಳದು ಹಾಕಿದ್ದಕ್ಕಿಂತ ಹೆಚ್ಚಾಕ್ಕೈತಿ. ನನಗ ಅಕೀನ ಹೇಳಿದ್ಲರಿ."

"ಇದನ್ನ ಯಾರೂ ಬರಿಯಂಗಿಲ್ಲ ಅಕ್ಕಾರ. ಎಲ್ಲಾರೂ ಮಷೀನ್ ಹೆಸರು ಬರೀತಾರ. ಈ ಒಂದ ಪ್ಯಾರಾ ಓದಿದ್ರ ನಾ ಅಕಿನ್ನ ಬ್ಯಾರೇ ಏನೂ ಕೇಳ್ತಿರಲಿಲ್ಲ."

ನನಗೆ ಆ ಮಾತಿಗಿಂತ ಬೈಗುಳ ಹಗುರವಾಗುತ್ತಿತ್ತು.

ಅವರು ಕಪಾಟಿನಿಂದ ಒಂದು ಫೈಲ್ ತೆಗೆದರು. ತಂಗಿಯ ಬಯೋಡೇಟಾದ ಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದಿತ್ತು. "ಸುಳ್ಳು ಮಾಹಿತಿ ಅಂತ ನಾ ಬರ್ದಿದ್ನಿ," ಎಂದರು. ಅದರ ಮೇಲೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಬರೆದು, ಸಹಿ ಮಾಡಿ, ತಾರೀಖು ಹಾಕಿದರು. ನನ್ನ ಎರಡು ಹಾಳೆಗಳನ್ನು ಅದಕ್ಕೆ ಪಿನ್ ಮಾಡಿದರು. "ಈ ಸಲದ ಜಾಗಾ ತುಂಬ್ಯಾವು. ಇನ್ನೊಂದ ಸಲ ಅಕೀನ ಬರೀಲಿ. ಅಕೀನ ತಂದು ಕೊಡಲಿ."

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅಂದಿನಿಂದ ನಾನು ತೊಳೆದಿಟ್ಟ ಗಾಜಿನಲ್ಲಿ ಒಂದೆರಡನ್ನು ಸರ್ ತಾವೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಮೊದಲು ಹಾಗೆ ನೋಡುತ್ತಿರಲಿಲ್ಲ.

ಮನೆಯಲ್ಲಿ ತಂಗಿಗೆ ಎಲ್ಲ ಹೇಳಿದೆ. ಅವಳು ಅಂಗಡಿಯಿಂದ ಬಂದು ಕಾಲು ತೊಳೆದು ಕೂತಿದ್ದಳು.

"ಪತ್ರ ತಿದ್ದಿಸಿದ್ದು ನಂಗ ಅವತ್ತ ತಿಳೀತು," ಎಂದಳು. "ನಂಗ ಬ್ಯಾಸರಾದದ್ದು ಅದಕ್ಕಲ್ಲ ಅಕ್ಕಾ. ನಾ ಅಲ್ಲಿ ಕುಂತಾಗ ನಿನ್ನ ನಲ್ಲಿ ಸಪ್ಪಳ ಕೇಳಾಕತ್ತಿತ್ತು. ಈಗ ಬಂದ್ ಮಾಡ್ತಿ, ಈಗ ಬರ್ತಿ ಅಂತ ಕುಂತಿದ್ನಿ. ನಾ ಎದ್ದು ಹೋಗೂತನಕ ಅದು ಬಂದ್ ಆಗಲಿಲ್ಲ."



ಚಳಿಗಾಲದಲ್ಲಿ ಅವಳು ಇನ್ನೊಂದು ಪತ್ರ ಬರೆದಳು. ನಮ್ಮ ಕಾರ್ಖಾನೆಗೆ ಅಲ್ಲ, ಧಾರವಾಡದಾಚೆಯ ಬೇರೊಂದಕ್ಕೆ. ತಾನೇ ಪ್ರಿಂಟ್ ತೆಗೆಸಿ, ಪೆನ್ನಿನಿಂದ ಸಹಿ ಮಾಡಿ, ತಾನೇ ಹೋಗಿ ಕೊಟ್ಟಳು. ಅವರು ಪ್ರಯೋಗ ಮಾಡಿಸಿ ನೋಡಿ ತೆಗೆದುಕೊಂಡರು. ಈಗ ಬೆಳಿಗ್ಗೆ ನಾವಿಬ್ಬರೂ ಒಂದೇ ನಿಲ್ದಾಣದಲ್ಲಿ ನಿಂತು ಬೇರೆ ಬೇರೆ ಬಸ್ ಹತ್ತುತ್ತೇವೆ.

ಆ ಪತ್ರದ ಒಂದು ಪ್ರತಿ ಮನೆಯಲ್ಲಿ ಮೇಜಿನ ಮೇಲಿತ್ತು. ಅವಳಿಲ್ಲದಾಗ ಅಲ್ಲ, ಅವಳೆದುರೇ ಕೇಳಿದೆ: "ಓದಿ ಹೇಳ್ತಿಯೇನು?" ಓದಿ ಹೇಳಿದಳು. ಬ್ಯುರೆಟ್ಟನ್ನು ದ್ರಾವಣದಿಂದ ಎರಡು ಸಲ ಜಾಲಿಸುವುದು ಇತ್ತು. ಕೋನಿಕಲ್ ಫ್ಲಾಸ್ಕನ್ನು ಬರೀ ನೀರಿನಿಂದ ಜಾಲಿಸುವುದು ಇತ್ತು. ನೀರು ಪದರಾಗಿ ಜಾರುವವರೆಗೆ ಗಾಜನ್ನು ಬೆಳಕಿಗೆ ಹಿಡಿದು ನೋಡುವುದು ಇತ್ತು. ಕಲಿಸಿದವರು ಯಾರು ಎನ್ನುವುದು ಇರಲಿಲ್ಲ.

ನಾನು ಇನ್ನೂ ಏನೋ ಕಾಯುತ್ತಿದ್ದೇನೆ ಎಂದು ಅವಳಿಗೆ ತಿಳಿಯಿತು.

"ಅದನ್ನ ನೀನ ತಗಸಿದ್ದಿ," ಎಂದಳು. ದನಿಯಲ್ಲಿ ಮುಳ್ಳು ಇರಲಿಲ್ಲ. ಕಾಗದ ಮಡಿಸಿ ಒಳಗಿಟ್ಟಳು. ಆಮೇಲೆ ನೀರು ಕುಡಿದು, ಲೋಟ ತೊಳೆದು, ಕಿಟಕಿಯ ಬೆಳಕಿಗೆ ಒಮ್ಮೆ ಎತ್ತಿ ನೋಡಿ ಬೋರಲು ಹಾಕಿದಳು.